ಟೆಡ್ ವಿಲಿಯಮ್ಸ್‌ಗೆ ಕಡಿಮೆ ಬಿದ್ದ ಆ ಹದಿನಾಲ್ಕು

ಡಿಪ್ಲೊಮಾ ಮುಗಿಸಿ ಪತ್ರಿಕೆಯೊಂದರ ಡೆಸ್ಕ್‌ನಲ್ಲಿ ತರಬೇತಿಗೆ ಕೂತಿದ್ದ ದಿನಗಳು. ಒಂದು ರಾತ್ರಿ ಕ್ರೀಡಾ ಪುಟದ ಮೂಲೆಯಲ್ಲಿ ನಾಲ್ಕು ಬೆರಳಿನಷ್ಟು ಜಾಗ ಉಳಿದಿತ್ತು. ಏಜೆನ್ಸಿಯಿಂದ ಬಂದ ಅಮೆರಿಕದ ಬೇಸ್‌ಬಾಲ್ ಸುದ್ದಿಯೊಂದನ್ನು ಕೈಗಿಟ್ಟು, ಕನ್ನಡ ಮಾಡಿ ಕೊಡಿ ಅಂದರು. ಅದರಲ್ಲಿ ಆಟಗಾರನೊಬ್ಬನ ಬ್ಯಾಟಿಂಗ್ ಸರಾಸರಿ .312 ಎಂದಿತ್ತು. ಕ್ರಿಕೆಟ್ ನೋಡಿಕೊಂಡೇ ಬೆಳೆದ ನಮಗೆ ಚುಕ್ಕೆ ಜಾಗ ತಪ್ಪಿದೆ ಅನಿಸಿತು. 31.2 ಎಂದು ತಿದ್ದಿ ಕಳಿಸಿದೆವು. ಹಾಗೇ ಅಚ್ಚಾಯಿತು. ಮರುದಿನ ಯಾರಾದರೂ ಫೋನ್ ಮಾಡಿ ಬೈಯುತ್ತಾರೇನೋ ಎಂದು ಕಾದೆವು, ಒಬ್ಬರೂ ಮಾಡಲಿಲ್ಲ.

ಆ ತಪ್ಪಿನ ಹಿಂದೆ ಹೋದಾಗಲೇ ಬೇಸ್‌ಬಾಲ್‌ನ ಎರಡು ಹಳೆಯ ಅಂಕಿಗಳ ಒಳಗು ನಮಗೆ ಗೊತ್ತಾದದ್ದು. ಒಂದು ಬ್ಯಾಟಿಂಗ್ ಸರಾಸರಿ. ಇನ್ನೊಂದು ಪಿಚರ್‌ಗೆ, ಅಂದರೆ ಚೆಂಡು ಎಸೆಯುವವನಿಗೆ, ಹಾಕುವ ಅರ್ನ್ಡ್ ರನ್ ಆವರೇಜ್. ಇದನ್ನು ಎಲ್ಲರೂ ಇಆರ್‌ಎ ಅನ್ನುತ್ತಾರೆ. ಎರಡೂ ಬರೀ ಭಾಗಾಕಾರ, ಹೈಸ್ಕೂಲ್ ಹುಡುಗರೂ ಮಾಡಬಹುದು. ಆದರೆ ಏನನ್ನು ಭಾಗಿಸಬೇಕು, ಯಾವುದರಿಂದ ಭಾಗಿಸಬೇಕು ಎಂಬಲ್ಲಿ ನೂರೈವತ್ತು ವರ್ಷಗಳ ಹಠ, ಮರೆವು, ಪತ್ರಕರ್ತರ ಅಭಿಪ್ರಾಯ ಎಲ್ಲ ಸೇರಿಕೊಂಡಿದೆ. ಈ ಎರಡನ್ನೂ ಬರೆಯುವುದು ಬಿಟ್ಟುಬಿಡಿ ಎಂದು ನಾವು ಹೇಳುವುದಿಲ್ಲ. ಒಬ್ಬ ಆಟಗಾರನ ವರ್ಷದ ತೀರ್ಪನ್ನು ಇವೊಂದರಿಂದಲೇ ಬರೆದರೆ ಸುಳ್ಳು ಬರೆದಂತಾಗುತ್ತದೆ ಎಂಬುದಷ್ಟೇ ನಮ್ಮ ವಾದ.

ಮೊದಲು ಬ್ಯಾಟಿಂಗ್. ಕ್ರಿಕೆಟ್‌ನಲ್ಲಿ ಸರಾಸರಿ ಎಂದರೆ ಹೊಡೆದ ರನ್ನುಗಳನ್ನು ಔಟಾದ ಸಲದಿಂದ ಭಾಗಿಸುವುದು. ಬೇಸ್‌ಬಾಲ್‌ನದು ರನ್ನುಗಳ ಲೆಕ್ಕವೇ ಅಲ್ಲ. ಬ್ಯಾಟರ್ ಚೆಂಡನ್ನು ಹೊಡೆದು, ಎದುರಾಳಿಯ ತಪ್ಪಿಲ್ಲದೆ, ಕನಿಷ್ಠ ಮೊದಲ ಬೇಸ್ ತಲುಪಿದರೆ ಅದೊಂದು ಹಿಟ್. ಒಟ್ಟು ಹಿಟ್‌ಗಳನ್ನು 'ಅಟ್ ಬ್ಯಾಟ್'ಗಳಿಂದ ಭಾಗಿಸಿ ಮೂರು ದಶಮಾಂಶ ಸ್ಥಾನದವರೆಗೆ ಬರೆದರೆ ಸರಾಸರಿ. ಹತ್ತು ಅಟ್ ಬ್ಯಾಟ್‌ಗಳಲ್ಲಿ ಮೂರು ಹಿಟ್ ಬಂದರೆ .300. ಮುಂದಿನ ಸೊನ್ನೆಯನ್ನು ಅವರು ಬರೆಯುವುದಿಲ್ಲ, ಓದುವಾಗ 'ಮುನ್ನೂರು' ಅನ್ನುತ್ತಾರೆ. ಹತ್ತರಲ್ಲಿ ಏಳು ಸಲ ಸೋತವನು ಅಲ್ಲಿ ಒಳ್ಳೆಯ ಬ್ಯಾಟರ್.

ತೊಡಕು ಇರುವುದು ಆ 'ಅಟ್ ಬ್ಯಾಟ್' ಎಂಬ ಮಾತಿನಲ್ಲಿ. ಬ್ಯಾಟ್ ಹಿಡಿದು ನಿಂತ ಪ್ರತಿ ಸರದಿಯೂ ಅಟ್ ಬ್ಯಾಟ್ ಅಲ್ಲ. ಪಿಚರ್ ನಾಲ್ಕು ಚೆಂಡುಗಳನ್ನು ನಿಗದಿತ ಚೌಕದ ಹೊರಗೆ ಹಾಕಿ, ಬ್ಯಾಟರ್ ಅವುಗಳಿಗೆ ಬೀಸದೆ ಸುಮ್ಮನೆ ಬಿಟ್ಟರೆ, ಅವನಿಗೆ ಮೊದಲ ಬೇಸ್ ಪುಕ್ಕಟೆ. ಇದಕ್ಕೆ ವಾಕ್ ಎಂದು ಹೆಸರು. ಆ ಸರದಿಯನ್ನು ಅಟ್ ಬ್ಯಾಟ್ ಲೆಕ್ಕದಿಂದ ತೆಗೆದುಹಾಕುತ್ತಾರೆ. ಚೆಂಡು ಮೈಗೆ ಬಡಿದು ಬೇಸ್ ಸಿಕ್ಕರೂ ಅಷ್ಟೇ, ಜೊತೆಯವನನ್ನು ಮುಂದೆ ಕಳಿಸಲೆಂದು ತಾನು ಔಟಾದರೂ ಅಷ್ಟೇ. ಆದರೆ ಎದುರಾಳಿ ಚೆಂಡು ಜಾರಿಸಿದ್ದರಿಂದ ಬೇಸ್ ತಲುಪಿದರೆ ಅದು ಅಟ್ ಬ್ಯಾಟ್ ಹೌದು, ಹಿಟ್ ಅಲ್ಲ. ಅಂದರೆ ಅವನು ಬೇಸ್ ಮೇಲೆ ನಿಂತಿದ್ದಾನೆ, ಸರಾಸರಿಯ ಮಟ್ಟಿಗೆ ಔಟಾದವನೇ.

ವಾಕ್ ಅನ್ನು ಹೀಗೆ ಹೊರಗಿಟ್ಟದ್ದರ ಬೇರು ಹಳೆಯದು. ಬೇಸ್‌ಬಾಲ್‌ನ ಅಂಕಿ ಬರೆಯುವ ಪದ್ಧತಿಗೆ ತಳಪಾಯ ಹಾಕಿದವರು ಹೆನ್ರಿ ಚಾಡ್ವಿಕ್. ಇಂಗ್ಲೆಂಡಿನಲ್ಲಿ ಹುಟ್ಟಿ, ನ್ಯೂಯಾರ್ಕಿನ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಮಾಡುತ್ತಿದ್ದವರು. ವಾಕ್ ಸಿಕ್ಕರೆ ಅದು ಪಿಚರ್‌ನ ತಪ್ಪು, ಬ್ಯಾಟರ್‌ನ ಸಾಧನೆ ಏನಿದೆ ಎಂಬುದು ಅವರ ನೋಟ. ಕ್ರಿಕೆಟ್‌ನಲ್ಲಿ ವೈಡ್ ರನ್ ಬ್ಯಾಟರ್‌ನ ಖಾತೆಗೆ ಹೋಗುವುದಿಲ್ಲವಲ್ಲ, ಹಾಗೆ. 1887ರಲ್ಲಿ ಒಂದೇ ಒಂದು ವರ್ಷ ವಾಕ್ ಅನ್ನೂ ಹಿಟ್ ಎಂದೇ ಎಣಿಸಿದರು. ಆ ವರ್ಷ ಟಿಪ್ ಓನೀಲ್ ಎಂಬ ಆಟಗಾರನ ಸರಾಸರಿ .492ಕ್ಕೆ ಏರಿತು. ಮುಂದೆ ಆ ವಾಕ್‌ಗಳನ್ನು ಕಳೆದು ನೋಡಿದಾಗ .435 ಆಯಿತು. ಮರುವರ್ಷವೇ ಹಳೆಯ ದಾರಿಗೆ ಮರಳಿದರು.

ಇದರಿಂದ ಯಾರಿಗೇನು ನಷ್ಟ ಎನ್ನುವವರು 1954ರ ಅಮೆರಿಕನ್ ಲೀಗ್ ನೋಡಬೇಕು.

ಬೋಸ್ಟನ್ ರೆಡ್ ಸಾಕ್ಸ್ ತಂಡದ ಟೆಡ್ ವಿಲಿಯಮ್ಸ್ ಆಗಲೇ ದಂತಕಥೆ. 1941ರಲ್ಲಿ ಅವರ ಸರಾಸರಿ .406 ಇತ್ತು. ಅದಾದ ಮೇಲೆ ಇಂದಿನವರೆಗೂ ಅಮೆರಿಕನ್ ಮತ್ತು ನ್ಯಾಷನಲ್ ಲೀಗ್‌ಗಳಲ್ಲಿ ಯಾರೂ ಪೂರ್ಣ ಋತುವಿನಲ್ಲಿ .400 ಮುಟ್ಟಿಲ್ಲ. ಕೊರಿಯಾ ಯುದ್ಧದಲ್ಲಿ ವಿಮಾನ ಹಾರಿಸಿ ವಾಪಸ್ ಬಂದು, 1954ರ ಅಭ್ಯಾಸ ಶಿಬಿರದ ಮೊದಲ ದಿನವೇ ಬಿದ್ದು ಕೊರಳ ಮೂಳೆ ಮುರಿದುಕೊಂಡರು. ಋತುವಿನ ಮೊದಲ ಒಂದಷ್ಟು ವಾರ ಆಡಲಾಗಲಿಲ್ಲ. ಆಡಿದ್ದು 117 ಪಂದ್ಯ. ಬಂದ ಹಿಟ್ 133, ಅಟ್ ಬ್ಯಾಟ್ 386. ಭಾಗಿಸಿದರೆ .345.

ಕ್ಲೀವ್‌ಲ್ಯಾಂಡ್ ತಂಡದಲ್ಲಿ ಮೆಕ್ಸಿಕೊದಿಂದ ಬಂದ ಬಾಬಿ ಅವಿಲಾ ಇದ್ದರು. ಅವರ ಹಿಟ್ 189, ಅಟ್ ಬ್ಯಾಟ್ 555. ಸರಾಸರಿ .341. ಯಾರದು ಹೆಚ್ಚು? ವಿಲಿಯಮ್ಸ್‌ರದು. ಆ ವರ್ಷದ ಬ್ಯಾಟಿಂಗ್ ಕಿರೀಟ ಯಾರಿಗೆ? ಅವಿಲಾಗೆ.

ಕಾರಣ, ಕಿರೀಟಕ್ಕೆ ಕನಿಷ್ಠ 400 ಅಟ್ ಬ್ಯಾಟ್ ಬೇಕೆಂದು ಆಗ ನಿಯಮವಿತ್ತು. ನಾಲ್ಕು ದಿನ ಆಡಿ ಒಳ್ಳೆಯ ಸರಾಸರಿ ಇಟ್ಟುಕೊಂಡವನು ಗೆಲ್ಲಬಾರದು ಎಂಬ ಉದ್ದೇಶ ಸರಿಯೇ. ವಿಲಿಯಮ್ಸ್‌ಗೆ ಹದಿನಾಲ್ಕು ಕಡಿಮೆ ಬಿದ್ದವು. ಆದರೆ ಅವರೇನು ಮೈದಾನಕ್ಕೆ ಇಳಿಯದೆ ಕೂತವರಲ್ಲ. ಬ್ಯಾಟ್ ಹಿಡಿದು ನಿಂತದ್ದು 526 ಸಲ. ಅದರಲ್ಲಿ 136 ಸಲ ಪಿಚರ್‌ಗಳು ವಾಕ್ ಕೊಟ್ಟು ಕಳಿಸಿದ್ದರು, ಅಂದರೆ ನಾಲ್ಕಕ್ಕೆ ಒಂದಕ್ಕಿಂತ ಹೆಚ್ಚು. ಈತನಿಗೆ ಹೊಡೆಯುವಂಥ ಚೆಂಡು ಹಾಕುವುದಕ್ಕಿಂತ ಒಂದು ಬೇಸ್ ಕೊಟ್ಟುಬಿಡುವುದೇ ಮೇಲು ಎಂದು ಎದುರಾಳಿಗಳು ಲೆಕ್ಕ ಹಾಕಿದ್ದರು. ಕೆಟ್ಟ ಚೆಂಡಿಗೆ ಕೈಚಾಚದ ಶಿಸ್ತು ವಿಲಿಯಮ್ಸ್‌ರಿಗೂ ಇತ್ತು. ಆ ಹೆದರಿಕೆಯೂ ಶಿಸ್ತೂ ಸರಾಸರಿಯಲ್ಲಿ ಸೊನ್ನೆಯಾದವು. ಸಾಲದ್ದಕ್ಕೆ, ಅರ್ಹತೆಯ ಲೆಕ್ಕದಲ್ಲಿ ಅವರಿಗೇ ಮುಳುವಾದವು.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಆ ಹದಿನಾಲ್ಕೂ ಸೇರಿಸಿ, ಎಲ್ಲದರಲ್ಲೂ ಔಟಾದರೆಂದು ಇಟ್ಟುಕೊಂಡರೆ 400ಕ್ಕೆ 133, ಅಂದರೆ .333ರ ಒಳಗೇ. ಆಗ ಅವಿಲಾ ಗೆದ್ದಂತೆ. ಹದಿನಾಲ್ಕರಲ್ಲಿ ನಾಲ್ಕು ಹಿಟ್ ಬಂದಿದ್ದರೆ ವಿಲಿಯಮ್ಸ್ ಗೆಲ್ಲುತ್ತಿದ್ದರು. ವಿಲಿಯಮ್ಸ್‌ರಂಥವರಿಗೆ ಹದಿನಾಲ್ಕರಲ್ಲಿ ನಾಲ್ಕು ಅಂದರೆ ವರ್ಷವಿಡೀ ಮಾಡಿದ್ದಕ್ಕಿಂತ ಕಡಿಮೆ ಕೆಲಸ. ಅವಿಲಾ ಅವರ ಗೆಲುವನ್ನು ಕಿತ್ತುಕೊಳ್ಳುವುದು ನಮ್ಮ ಉದ್ದೇಶವಲ್ಲ. ನಿಯಮ ಹೇಗಿತ್ತೋ ಹಾಗೆ ಅವರು ಗೆದ್ದರು, ಅಮೆರಿಕನ್ ಲೀಗ್‌ನ ಆ ಕಿರೀಟ ಪಡೆದ ಮೊದಲ ಲ್ಯಾಟಿನ್ ಅಮೆರಿಕನ್ ಆದರು.

1957ರಿಂದ ಅರ್ಹತೆಯನ್ನು ಅಟ್ ಬ್ಯಾಟ್ ಬದಲು ನಿಂತ ಒಟ್ಟು ಸರದಿಗಳಿಂದ ಅಳೆಯತೊಡಗಿದರು. ತಂಡದ ಪ್ರತಿ ಪಂದ್ಯಕ್ಕೆ 3.1 ಸರದಿ. ಆಗಿನ 154 ಪಂದ್ಯಗಳ ಋತುವಿಗೆ ಅದು 477. ವಿಲಿಯಮ್ಸ್‌ರ 526 ಅದನ್ನು ಸಲೀಸಾಗಿ ದಾಟುತ್ತಿತ್ತು. ಆದರೆ ಬಾಗಿಲಿನ ಅಳತೆ ಬದಲಾಯಿತೇ ಹೊರತು ಸರಾಸರಿಯ ಲೆಕ್ಕ ಬದಲಾಗಲಿಲ್ಲ. ವಾಕ್ ಇವತ್ತಿಗೂ ಅದರ ಹೊರಗೇ ಇದೆ.

ವಾಕ್ ಸೇರಿಸಿ ನೋಡುವ ಅಂಕಿ ಬೇರೆ ಇದೆ. ಹಿಟ್, ವಾಕ್, ಮೈಗೆ ಬಡಿದದ್ದು ಮೂರನ್ನೂ ಕೂಡಿಸಿ, ಹೆಚ್ಚುಕಡಿಮೆ ಎಲ್ಲ ಸರದಿಗಳಿಂದ ಭಾಗಿಸಿದರೆ ಆನ್ ಬೇಸ್ ಪರ್ಸೆಂಟೇಜ್. ಔಟಾಗದೆ ಬೇಸ್ ತಲುಪಿದ ಪ್ರಮಾಣ ಅದು. 1954ರಲ್ಲಿ ವಿಲಿಯಮ್ಸ್‌ರದು .513, ಅವಿಲಾರದು .402. ಸರಾಸರಿಯಲ್ಲಿ ಕೂದಲೆಳೆ ಅಂತರದಲ್ಲಿದ್ದವರು ಇಲ್ಲಿ ನೂರು ಸರದಿಗೆ ಹನ್ನೊಂದರಷ್ಟು ದೂರ. ಈ ಅಂಕಿ ಅಧಿಕೃತವಾದದ್ದು 1984ರಲ್ಲಿ, ವಿಲಿಯಮ್ಸ್ ಆಟ ಬಿಟ್ಟು ಕಾಲು ಶತಮಾನವೇ ಆಗುತ್ತಾ ಬಂದಿತ್ತು.

ಸರಾಸರಿ ಬಿಟ್ಟುಬಿಡುವ ಇನ್ನೊಂದು ಸಂಗತಿ ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಮೊದಲ ಬೇಸ್‌ಗೆ ಸಾಕಾದ ಸಣ್ಣ ಹೊಡೆತವೂ ಒಂದು ಹಿಟ್, ಬೇಲಿಯಾಚೆ ಹೋದ ಹೋಮ್ ರನ್ನೂ ಒಂದು ಹಿಟ್. ಒಂಟಿ ರನ್ನಿಗೂ ಸಿಕ್ಸರಿಗೂ ಒಂದೇ ಗುರುತು ಹಾಕಿದ ಹಾಗೆ. ಆ ವರ್ಷ ವಿಲಿಯಮ್ಸ್‌ರ ಹೋಮ್ ರನ್ 29, ಬಹಳ ಹೆಚ್ಚು ಸರದಿ ಆಡಿದ ಅವಿಲಾರದು 15.

ಇನ್ನು ಪಿಚರ್ ಕಡೆಗೆ. ಇಆರ್‌ಎ ಲೆಕ್ಕ ಹೀಗೆ: ಪಿಚರ್ ಬಿಟ್ಟುಕೊಟ್ಟ 'ಅರ್ನ್ಡ್' ರನ್ನುಗಳನ್ನು ಒಂಬತ್ತರಿಂದ ಗುಣಿಸಿ, ಅವನು ಎಸೆದ ಇನಿಂಗ್ಸ್‌ಗಳಿಂದ ಭಾಗಿಸಬೇಕು. ಪೂರ್ಣ ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಹಾಗಾಗಿ ಒಂಬತ್ತು. ಒಂದು ಇನಿಂಗ್ಸ್‌ಗೆ ಮೂರು ಔಟ್. ಪಟ್ಟಿಯಲ್ಲಿ 6.1 ಎಂದಿದ್ದರೆ ಅದು ಆರು ಇನಿಂಗ್ಸ್ ಮತ್ತು ಒಂದು ಔಟ್, ಅಂದರೆ ಆರೂ ಮೂರನೇ ಒಂದು. ನಮ್ಮ ಓವರ್ ಲೆಕ್ಕದಲ್ಲಿ 6.1 ಅಂದರೆ ಆರು ಓವರ್, ಒಂದು ಎಸೆತ ಅನ್ನುವಂತೆಯೇ. ಇದನ್ನು ಹಾಗೇ ಕ್ಯಾಲ್ಕುಲೇಟರ್‌ಗೆ ಒತ್ತಿದರೆ ಉತ್ತರ ತಪ್ಪುತ್ತದೆ. ಇದು ಮಾತ್ರ ನಾವು ಮಾಡದ ತಪ್ಪು.

ಫೀಲ್ಡರ್ ಮಾಡಿದ ತಪ್ಪಿಗೆ ಪಿಚರ್ ದಂಡ ತೆರಬಾರದು ಎಂಬುದು ಇಆರ್‌ಎ ಹಿಂದಿನ ಒಳ್ಳೆಯ ಯೋಚನೆ. ನ್ಯಾಷನಲ್ ಲೀಗ್ ಇದನ್ನು 1912ರಲ್ಲಿ ಅಧಿಕೃತ ಮಾಡಿತು. ಆದರೆ ಯಾವುದು ತಪ್ಪು ಎಂದು ಹೇಳುವವರು ಯಾರು? ಪ್ರೆಸ್ ಬಾಕ್ಸ್‌ನಲ್ಲಿ ಕೂತ ಅಧಿಕೃತ ಸ್ಕೋರರ್. 1970ರ ದಶಕದ ಕೊನೆಯವರೆಗೂ ಆ ಕುರ್ಚಿಯಲ್ಲಿ ಹೆಚ್ಚಾಗಿ ಕೂರುತ್ತಿದ್ದದ್ದು ಆ ಊರಿನ ಪತ್ರಿಕೆಗಳ ಬೇಸ್‌ಬಾಲ್ ವರದಿಗಾರರು. ಹೌದು, ನಮ್ಮ ಜಾತಿಯವರೇ. ಮಧ್ಯಾಹ್ನ ಒಬ್ಬನಿಗೆ 'ಎರರ್' ಹಾಕಿ, ಸಂಜೆ ಅವನ ಬಳಿಗೇ ಹೋಗಿ ಪ್ರತಿಕ್ರಿಯೆ ಕೇಳಬೇಕು. ಇದು ಹಿತಾಸಕ್ತಿಯ ಘರ್ಷಣೆ ಎಂದು ಕೆಲವು ಪತ್ರಿಕೆಗಳೇ ತಮ್ಮವರಿಗೆ ಬೇಡ ಅಂದವು. ಕೊನೆಗೆ ಲೀಗ್‌ಗಳು ಬೇರೆಯವರನ್ನು ನೇಮಿಸಿಕೊಂಡವು. ಸ್ಕೋರರ್‌ಗೆ ನಿಯಮಪುಸ್ತಕ ಕೊಡುವ ಅಳತೆಗೋಲು, ಸಾಧಾರಣ ಪ್ರಯತ್ನದಿಂದ ಆ ಔಟ್ ಸಿಗುತ್ತಿತ್ತೇ ಎಂಬುದು. ಸಾಧಾರಣ ಎಂದರೆ ಎಷ್ಟು ಎಂದು ಕೇಳಿದರೆ ಸ್ಕೋರರ್‌ನ ಕಣ್ಣಿಗೆ ಕಂಡಷ್ಟು.

ಅದರ ಪರಿಣಾಮ ಎಷ್ಟು ದೊಡ್ಡದು ಎಂದು ಒಂದು ಕಾಲ್ಪನಿಕ ಇನಿಂಗ್ಸ್ ಇಟ್ಟುಕೊಂಡು ನೋಡೋಣ. ಇಬ್ಬರು ಔಟಾಗಿದ್ದಾರೆ, ಬೇಸ್‌ಗಳು ಖಾಲಿ. ಬ್ಯಾಟರ್ ನೆಲದ ಮೇಲೆ ಉರುಳಿಸಿ ಹೊಡೆದ. ಎರಡು ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಎರಡು ಹೆಜ್ಜೆ ಓಡಿ ಬಗ್ಗಿದ, ಚೆಂಡು ಕೈಗವಸಿಗೆ ತಾಗಿ ಜಾರಿತು. ಬ್ಯಾಟರ್ ಮೊದಲ ಬೇಸ್ ತಲುಪಿದ. ಮುಂದಿನವನು ಇನ್ನೊಂದು ಹಿಟ್ ಹೊಡೆದ. ಅದರ ಮುಂದಿನವನು ಹೋಮ್ ರನ್. ಮೂರು ರನ್ ಬಂದವು.

ಸ್ಕೋರರ್ 'ಎರರ್' ಅಂದರೆ, ಶಾರ್ಟ್‌ಸ್ಟಾಪ್ ಸರಿಯಾಗಿ ಹಿಡಿದಿದ್ದರೆ ಇನಿಂಗ್ಸ್ ಅಲ್ಲಿಗೇ ಮುಗಿಯುತ್ತಿತ್ತು ಎಂದಾಗುತ್ತದೆ. ಆಗ ಮೂರು ರನ್ನುಗಳಲ್ಲಿ ಒಂದೂ ಅರ್ನ್ಡ್ ಅಲ್ಲ. ಆ ಹೋಮ್ ರನ್ ಹೊಡೆಸಿಕೊಂಡದ್ದು ಪಿಚರೇ, ಶಾರ್ಟ್‌ಸ್ಟಾಪ್ ಅಲ್ಲ, ಆದರೂ ಅದು ಅವನ ಇಆರ್‌ಎಗೆ ಬರುವುದಿಲ್ಲ. ಸ್ಕೋರರ್ 'ಹಿಟ್' ಅಂದರೆ ಮೂರೂ ಅರ್ನ್ಡ್. ಪಿಚರ್ ಆ ದಿನ ಆರು ಇನಿಂಗ್ಸ್ ಎಸೆದು ಬೇರೆ ರನ್ ಕೊಟ್ಟಿಲ್ಲವೆಂದಿಟ್ಟುಕೊಳ್ಳಿ. ಒಂದು ತೀರ್ಪಿಗೆ ಆ ದಿನದ ಇಆರ್‌ಎ 0.00, ಇನ್ನೊಂದಕ್ಕೆ 4.50. ಅದೇ ತೀರ್ಪು ಬ್ಯಾಟರ್‌ನ ಖಾತೆಯನ್ನೂ ಮುಟ್ಟುತ್ತದೆ. ಅವನು 330ಕ್ಕೆ 99 ಹಿಟ್, ಅಂದರೆ ಸರಿಯಾಗಿ .300ರಲ್ಲಿದ್ದ ಎನ್ನೋಣ. ಹಿಟ್ ಅಂದರೆ .302, ಎರರ್ ಅಂದರೆ .299. ಮೈದಾನದಲ್ಲಿ ನಡೆದದ್ದು ಮಾತ್ರ ಒಂದೇ.

ಇನ್ನೂ ಒಂದು ವಿಚಿತ್ರವಿದೆ. ಆ ಶಾರ್ಟ್‌ಸ್ಟಾಪ್ ನಿಧಾನಗತಿಯವನಾಗಿದ್ದು, ಆ ಎರಡು ಹೆಜ್ಜೆಯನ್ನೇ ಓಡದೆ ಚೆಂಡು ಪಕ್ಕದಲ್ಲಿ ಹಾದುಹೋಗಿದ್ದರೆ ಯಾರೂ ಎರರ್ ಅನ್ನುತ್ತಿರಲಿಲ್ಲ. ಅದು ಸಲೀಸಾಗಿ ಹಿಟ್. ಮುಟ್ಟಿ ಜಾರಿಸಿದವನಿಗೆ ತಪ್ಪಿನ ಗುರುತು, ಮುಟ್ಟಲು ಹೋಗದವನಿಗೆ ಏನೂ ಇಲ್ಲ. ಪಿಚರ್‌ನನ್ನು ಫೀಲ್ಡರ್‌ಗಳ ದೋಷದಿಂದ ಕಾಪಾಡಲೆಂದು ಹುಟ್ಟಿದ ಅಂಕಿ, ಅವರ ಅತಿ ದೊಡ್ಡ ದೋಷವಾದ ನಿಧಾನದಿಂದ ಅವನನ್ನು ಕಾಪಾಡುವುದೇ ಇಲ್ಲ. ನಮ್ಮ ಮಟ್ಟಿಗೆ ಇಆರ್‌ಎಯ ದೊಡ್ಡ ಬಿರುಕು ಇದೇ.

ಪಿಚರ್ ಬದಲಾದಾಗಲೂ ಹೀಗೊಂದು ಎಡವಟ್ಟು. ಮೂರು ಬೇಸ್‌ಗಳಲ್ಲೂ ಆಟಗಾರರನ್ನು ನಿಲ್ಲಿಸಿ ಒಬ್ಬ ಹೊರಟುಹೋಗುತ್ತಾನೆ. ಬದಲಿಗೆ ಬಂದವನು ಮೊದಲ ಎಸೆತಕ್ಕೇ ದೊಡ್ಡ ಹೊಡೆತ ಹೊಡೆಸಿಕೊಂಡು ಮೂವರನ್ನೂ ಮನೆಗೆ ಓಡಿಸುತ್ತಾನೆ. ಆ ಮೂರು ರನ್ ಬರೆಯುವುದು ಹೋದವನ ಖಾತೆಗೆ. ಬಂದವನ ಇಆರ್‌ಎ ತೊಳೆದಿಟ್ಟ ಹಾಗೆ ಇರುತ್ತದೆ. ಒಂದೊಂದು ಇನಿಂಗ್ಸ್ ಎಸೆಯುವ ಬದಲಿ ಪಿಚರ್‌ಗಳ ಇಆರ್‌ಎ ನೋಡಿ ಮೋಸ ಹೋಗುವುದು ಇದರಿಂದಲೇ.

ಫೀಲ್ಡರ್‌ಗಳ ಮಾತಿಗೆ ಮರಳಿದರೆ, 2001ರಲ್ಲಿ ವೊರೊಸ್ ಮೆಕ್ರ್ಯಾಕನ್ ಎಂಬುವರು ಒಂದು ಲೇಖನ ಬರೆದು ಬೇಸ್‌ಬಾಲ್ ಮಂದಿಯ ನಿದ್ದೆ ಕೆಡಿಸಿದರು. ಅವರ ವಾದ ಸರಳ. ಯಾರನ್ನಾದರೂ ಸ್ಟ್ರೈಕ್‌ಔಟ್ ಮಾಡುವುದು, ವಾಕ್ ಕೊಡುವುದು, ಹೋಮ್ ರನ್ ಹೊಡೆಸಿಕೊಳ್ಳುವುದು, ಇಷ್ಟು ಪಿಚರ್‌ನ ಕೈಯಲ್ಲಿದೆ. ಇವುಗಳಲ್ಲಿ ಫೀಲ್ಡರ್ ಬರುವುದಿಲ್ಲ. ಬ್ಯಾಟಿಗೆ ತಾಗಿ ಮೈದಾನದೊಳಗೇ ಬಿದ್ದ ಚೆಂಡು ಹಿಟ್ ಆಗುತ್ತದೋ ಔಟ್ ಆಗುತ್ತದೋ ಎಂಬುದರಲ್ಲಿ ಪಿಚರ್‌ಗಿಂತ ಫೀಲ್ಡರ್‌ಗಳ ಮತ್ತು ಅದೃಷ್ಟದ ಪಾಲೇ ದೊಡ್ಡದು. ಪಿಚರ್‌ನ ಪಾಲೂ ಸ್ವಲ್ಪ ಇದೆ ಎಂದು ಆಮೇಲೆ ಬಂದವರು ತಿದ್ದಿದರು. ಆದರೆ ಮೂಲ ಮಾತು ನಿಂತಿದೆ.

ಇದಕ್ಕೆ ನಮಗೆ ಸಿಕ್ಕ ಅತ್ಯುತ್ತಮ ಉದಾಹರಣೆ ಮತ್ತದೇ ಬೋಸ್ಟನ್ ತಂಡದ್ದು, ವಿಲಿಯಮ್ಸ್‌ರ ನಂತರ ನಾಲ್ಕು ದಶಕ ಕಳೆದ ಮೇಲಿನದು. ಡೊಮಿನಿಕನ್ ಗಣರಾಜ್ಯದ ಪೆಡ್ರೊ ಮಾರ್ಟಿನೆಜ್ 1999ರಲ್ಲಿ 2.07 ಇಆರ್‌ಎ ದಾಖಲಿಸಿದರು. 2000ದಲ್ಲಿ ಅದು 1.74ಕ್ಕೆ ಇಳಿಯಿತು. ಇಆರ್‌ಎ ಕಡಿಮೆಯಾದಷ್ಟೂ ಒಳ್ಳೆಯದು. ಆ ವರ್ಷ ಇಡೀ ಅಮೆರಿಕನ್ ಲೀಗ್‌ನ ಇಆರ್‌ಎ 4.91 ಇತ್ತೆಂದರೆ 1.74 ಎಂಥದ್ದೆಂದು ಊಹಿಸಿ. ಆದ್ದರಿಂದ 2000ವೇ ಅವರ ಶ್ರೇಷ್ಠ ವರ್ಷ ಎಂದು ಬರೆದುಬಿಡಬಹುದು. ಬಹಳ ಜನ ಬರೆದಿದ್ದಾರೆ ಕೂಡ.

ಈಗ ಅವರ ಕೈಯಲ್ಲಿದ್ದದ್ದನ್ನಷ್ಟೇ ನೋಡಿ. 1999ರಲ್ಲಿ ಸ್ಟ್ರೈಕ್‌ಔಟ್ 313, 2000ದಲ್ಲಿ 284. ವಾಕ್ 37, ಆಮೇಲೆ 32, ಹೆಚ್ಚು ವ್ಯತ್ಯಾಸವಿಲ್ಲ. ಹೋಮ್ ರನ್ 1999ರಲ್ಲಿ ಒಂಬತ್ತೇ ಒಂಬತ್ತು, 2000ದಲ್ಲಿ 17. ಎಸೆದ ಇನಿಂಗ್ಸ್ ಎರಡೂ ವರ್ಷ ಹೆಚ್ಚುಕಡಿಮೆ ಅಷ್ಟೇ. ಹೆಚ್ಚು ಜನರನ್ನು ತಾನೇ ಔಟ್ ಮಾಡಿದ, ಅರ್ಧದಷ್ಟೇ ಹೋಮ್ ರನ್ ಕೊಟ್ಟ ವರ್ಷದಲ್ಲಿ ಇಆರ್‌ಎ ಹೆಚ್ಚು. ಹೇಗೆ?

ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ಉತ್ತರವಿದೆ. 1999ರಲ್ಲಿ ಅಂಥವು 467, ಅದರಲ್ಲಿ 151 ಹಿಟ್ ಆದವು. ನೂರಕ್ಕೆ ಮೂವತ್ತೆರಡು. 2000ದಲ್ಲಿ 470, ಹಿಟ್ ಆದದ್ದು 111. ನೂರಕ್ಕೆ ಇಪ್ಪತ್ನಾಲ್ಕಕ್ಕೂ ಕಡಿಮೆ. ಅಷ್ಟೇ ಚೆಂಡುಗಳಿಗೆ ನಲವತ್ತು ಹಿಟ್ ಕಡಿಮೆ. ಸಾಮಾನ್ಯವಾಗಿ ಈ ಪ್ರಮಾಣ ನೂರಕ್ಕೆ ಮೂವತ್ತರ ಆಸುಪಾಸು ಇರುತ್ತದೆ. ಮೊದಲ ವರ್ಷ ಅದಕ್ಕಿಂತ ಸ್ವಲ್ಪ ಕೆಟ್ಟದಾಗಿತ್ತು, ಎರಡನೇ ವರ್ಷ ಬಹಳ ಒಳ್ಳೆಯದಾಗಿತ್ತು. ಪೆಡ್ರೊ 2000ದಲ್ಲಿ ಬ್ಯಾಟರ್‌ಗಳಿಂದ ಪುಸಕ್ಕನೆ ಹೊಡೆಸಿದ್ದರೆಂದು ಯಾರಾದರೂ ವಾದಿಸಿದರೆ ಪೂರ್ತಿ ತಳ್ಳಿಹಾಕಲು ಬರುವುದಿಲ್ಲ. ಒಂದು ಋತುವಿನ ಲೆಕ್ಕದಿಂದ ಅದನ್ನು ಬೇರ್ಪಡಿಸುವುದು ಕಷ್ಟ. ಆದರೆ ಹೋಮ್ ರನ್ ದುಪ್ಪಟ್ಟಾದ ವರ್ಷದಲ್ಲೇ ಉಳಿದೆಲ್ಲ ಹೊಡೆತಗಳೂ ಮೆತ್ತಗಾದವು ಎಂಬುದನ್ನು ನಂಬಲು ನಮಗೆ ಮನಸ್ಸಾಗುವುದಿಲ್ಲ.

ಸ್ಟ್ರೈಕ್‌ಔಟ್, ವಾಕ್, ಮೈಗೆ ಬಡಿದದ್ದು, ಹೋಮ್ ರನ್ ಇಷ್ಟನ್ನೇ ಹಿಡಿದು, ಇಆರ್‌ಎಯ ಅಳತೆಯಲ್ಲೇ ಉತ್ತರ ಕೊಡುವ ಎಫ್‌ಐಪಿ ಎಂಬ ಅಂಕಿಯೊಂದಿದೆ. ಅದರ ಪ್ರಕಾರ ಪೆಡ್ರೊ 1999ರಲ್ಲಿ 1.39, 2000ದಲ್ಲಿ 2.17. ಇಆರ್‌ಎ ಹೇಳಿದ್ದರ ತದ್ವಿರುದ್ಧ. ಈ ಅಂಕಿಯೂ ದೇವರ ವಾಕ್ಯವಲ್ಲ, ಮೈದಾನದೊಳಗೆ ಬಿದ್ದ ಚೆಂಡುಗಳನ್ನೆಲ್ಲ ಅದು ಕಣ್ಣುಮುಚ್ಚಿ ಬಿಟ್ಟುಬಿಡುತ್ತದೆ. ನಡೆದದ್ದೇನು ಎಂಬ ಪ್ರಶ್ನೆಗೆ ಇಆರ್‌ಎ, ಅದರಲ್ಲಿ ಪಿಚರ್‌ನ ಪಾಲೆಷ್ಟು ಎಂಬುದಕ್ಕೆ ಎಫ್‌ಐಪಿ ಎಂದು ನಾವು ಇಟ್ಟುಕೊಂಡಿದ್ದೇವೆ.

ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪೆಡ್ರೊಗೆ ಎರಡೂ ವರ್ಷ ಸರ್ವಾನುಮತದಿಂದ ಸಿಕ್ಕಿತು. ಮತ ಹಾಕಿದವರು ಬೇಸ್‌ಬಾಲ್ ಬರೆಯುವ ಪತ್ರಕರ್ತರೇ. ಅವರಿಗೆ ಎರಡರಲ್ಲಿ ಒಂದನ್ನು ಆರಿಸುವ ಕಷ್ಟ ಬರಲಿಲ್ಲ. ನಮಗೆ ಆರಿಸಲು ಕೊಟ್ಟರೆ 1999. ಮುಂದಿನ ಸಲ ಯಾವುದಾದರೂ ಡೆಸ್ಕ್‌ನವರು ನಾಲ್ಕು ಬೆರಳು ಜಾಗ ಕೊಟ್ಟು ಬರೆಯಿರಿ ಅಂದರೆ 2.07ರ ಪಕ್ಕದಲ್ಲಿ 313 ಮತ್ತು 9 ಎಂಬ ಎರಡು ಅಂಕಿಗಳನ್ನೂ ಸೇರಿಸಿಯೇ ಕಳಿಸುತ್ತೇವೆ, ಚುಕ್ಕೆ ಎಲ್ಲಿದೆಯೋ ಅಲ್ಲೇ ಬಿಟ್ಟು.